ಲೀವ್ ಆ್ಯಂಡ್ ಲೈಸೆನ್ಸ್

ಡೊಂಬಿವಲಿ, ಕಲ್ಯಾಣ, ಥಾಣೆ, ನವಿ ಮುಂಬಯಿ ಕಡೆ ಬಾಡಿಗೆ ಮನೆ ಹಿಡಿದವರಿಗೆಲ್ಲ ಈ ಹೆಸರಿನ ಕಾಗದ ಗೊತ್ತು. ಸಾಮಾನ್ಯವಾಗಿ ಹನ್ನೊಂದು ತಿಂಗಳ ಕರಾರು, ನೋಂದಣಿ, ಬೆರಳಚ್ಚು, ಏಜೆಂಟನ ದಲಾಲಿ. ಬಾಯಲ್ಲಿ ನಾವು ಬಾಡಿಗೆ ಅನ್ನುತ್ತೇವೆ, ಕಾಗದ ಮಾತ್ರ ಹಾಗನ್ನುವುದಿಲ್ಲ. ಅದರಲ್ಲಿರುವುದು ಲೈಸೆನ್ಸ್. 1882ರ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಎಂದರೆ ಇನ್ನೊಬ್ಬರ ಜಾಗದಲ್ಲಿ ಏನನ್ನಾದರೂ ಮಾಡಲು ಸಿಕ್ಕ ಅನುಮತಿ, ಅಷ್ಟೇ. ಆ ಜಾಗದಲ್ಲಿ ನಿಮಗೆ ಯಾವ ಹಿತಾಸಕ್ತಿಯೂ ಹುಟ್ಟುವುದಿಲ್ಲ. ಅವಧಿ ಮುಗಿದ ದಿನ ಕೀಲಿ ಕೊಟ್ಟು ಹೊರಡಬೇಕು.

ಅನುವಾದಕಳಾಗಿ ನನ್ನ ಮೇಜಿಗೆ ಬರುವ ಆ್ಯಪ್‌ಗಳ ಷರತ್ತುಗಳಲ್ಲೂ ಇದೇ ಪದ. ಗುಂಡಿಯ ಮೇಲೆ ‘ಖರೀದಿಸಿ’ ಎಂದಿರುತ್ತದೆ, ಕೆಳಗಿನ ಸಣ್ಣಕ್ಷರದಲ್ಲಿ ‘ಪರವಾನಗಿ ನೀಡಲಾಗುತ್ತದೆ’ ಎಂದಿರುತ್ತದೆ. ಎರಡೂ ವಾಕ್ಯ ಒಂದೇ ವ್ಯವಹಾರದ್ದು. ಕ್ಯಾಲಿಫೋರ್ನಿಯದಲ್ಲಿ 2025ರ ಜನವರಿ 1ರಿಂದ, ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿಗೆ ‘ಕೊಳ್ಳಿ’ ಎಂಬ ಮಾತು ಬಳಸುವಂತಿಲ್ಲ. ಒಳ್ಳೆಯ ಕಾನೂನೇ. ಆದರೆ ನಮ್ಮ ಕಡೆಯವರಿಗೆ ಈ ವ್ಯತ್ಯಾಸ ಅರ್ಥವಾಗುವುದು ಪದದಿಂದಲ್ಲ, ವೀಸಾ ಬಂದಾಗ.

ಕಲ್ಯಾಣದ ಒಂದು ಕನ್ನಡ ಮನೆ ಎಂದಿಟ್ಟುಕೊಳ್ಳಿ. ಮಗಳು ಐರೋಲಿಯ ಐಟಿ ಕಂಪನಿಯಿಂದ ಆಗಸ್ಟ್‌ನಲ್ಲಿ ಟೊರೊಂಟೊಗೆ ಹೊರಟಿದ್ದಾಳೆ. ಅವಳ ಐಫೋನ್ ಖಾತೆ ಭಾರತದ್ದು. ಅದರಲ್ಲಿ 640 ರೂಪಾಯಿ ಬಾಕಿ ಇದೆ. ಜನವರಿಯಲ್ಲಿ ಕಟ್ಟಿದ ಒಂದು ವಾರ್ಷಿಕ ಚಂದಾ ನಡೆಯುತ್ತಿದೆ. ಐಕ್ಲೌಡ್ ಜಾಗಕ್ಕೆ ತಿಂಗಳು ತಿಂಗಳು ಕಟ್ಟುತ್ತಾಳೆ, ಅದನ್ನು ಅಪ್ಪ ಅಮ್ಮನ ಫೋನುಗಳ ಜೊತೆ ಹಂಚಿಕೊಂಡಿದ್ದಾಳೆ. ಕೆನಡಾದಲ್ಲಿ ಇಳಿದ ಮೇಲೆ ಅಲ್ಲಿನ ಯಾವುದೋ ಬ್ಯಾಂಕಿನ ಆ್ಯಪ್ ಭಾರತದ ಸ್ಟೋರಿನಲ್ಲಿ ಸಿಗುವುದಿಲ್ಲ. ಸಹೋದ್ಯೋಗಿ ಹೇಳುತ್ತಾರೆ: ದೇಶ ಬದಲಾಯಿಸಿಬಿಡು, ಎರಡು ನಿಮಿಷದ ಕೆಲಸ.

ಎರಡು ನಿಮಿಷದ್ದಲ್ಲ. ದೇಶ ಬದಲಾಯಿಸುವ ಮೊದಲು ಏನೇನು ಮಾಡಿರಬೇಕೆಂದು ಆಪಲ್ ತಾನೇ ಬರೆದಿಟ್ಟಿದೆ. ಖಾತೆಯ ಬಾಕಿಯನ್ನು ಪೂರ್ತಿ ಖರ್ಚು ಮಾಡಿರಬೇಕು. ಚಂದಾಗಳನ್ನೆಲ್ಲ ರದ್ದುಮಾಡಿ, ಅವುಗಳ ಅವಧಿ ಮುಗಿಯುವವರೆಗೆ ಕಾಯಬೇಕು. ಹೊಸ ದೇಶದ ಕಾರ್ಡೋ ಅಲ್ಲಿ ನಡೆಯುವ ಬೇರೆ ಪಾವತಿ ವಿಧಾನವೋ ಕೈಯಲ್ಲಿರಬೇಕು. ಕುಟುಂಬದ ಗುಂಪಿನಲ್ಲಿದ್ದರೆ ಬದಲಾವಣೆಗೆ ಬಿಡದೆಯೂ ಇರಬಹುದು. ನಮ್ಮ ಹುಡುಗಿಯ ವಾರ್ಷಿಕ ಚಂದಾ ಮುಗಿಯುವುದು ಮುಂದಿನ ಜನವರಿಗೆ. ಅಂದರೆ ಆಗಸ್ಟ್‌ನಲ್ಲಿ ಇಳಿದವಳು ಐದು ತಿಂಗಳು ಕಾಯಬೇಕು, ಅದೂ ಹಣ ಕೊಟ್ಟ ತಪ್ಪಿಗೆ. ವರ್ಷದ್ದು ಅಗ್ಗ ಎಂದು ಒಟ್ಟಿಗೆ ಕಟ್ಟಿದವರಿಗೇ ಸಂಕೋಲೆ ಉದ್ದ.

ಬಾಕಿಯ ಕಥೆ ಭಾರತದಲ್ಲಿ ಇನ್ನಷ್ಟು ವಿಚಿತ್ರ. ಪದೇ ಪದೇ ತಾನಾಗಿ ಕಡಿತವಾಗುವ ಕಾರ್ಡ್ ಪಾವತಿಗಳಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. 2022ರಲ್ಲಿ ಆಪಲ್ ಇಲ್ಲಿನ ಖಾತೆಗಳಿಗೆ ಕಾರ್ಡ್ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಯುಪಿಐ, ನೆಟ್‌ಬ್ಯಾಂಕಿಂಗ್ ಮತ್ತು ಮೊದಲೇ ತುಂಬಿಟ್ಟ ಬಾಕಿಯ ಕಡೆಗೆ ಜನರನ್ನು ತಿರುಗಿಸಿತು. ಚಂದಾ ನಿಲ್ಲದಿರಲಿ ಎಂದು ಐನೂರು ಸಾವಿರ ತುಂಬಿಡುವುದು ಎಷ್ಟೋ ಮನೆಗಳಲ್ಲಿ ರೂಢಿಯಾಯಿತು. ಅದೇ ಹಣ ಈಗ ಬಾಗಿಲಿಗೆ ಅಡ್ಡ. ಅದು ಬ್ಯಾಂಕಿಗೆ ಮರಳುವುದಿಲ್ಲ, ಡಾಲರೂ ಆಗುವುದಿಲ್ಲ. ಬೇಕೋ ಬೇಡವೋ, ಏನಾದರೂ ಕೊಂಡು ಮುಗಿಸಬೇಕು. ಯಾವ ವಸ್ತುವಿಗೂ ಸಾಲದಷ್ಟು ಚಿಲ್ಲರೆ ಉಳಿದರೆ ಸಹಾಯವಾಣಿಗೆ ಹೇಳಬೇಕು.

ಗೂಗಲ್ ಪ್ಲೇ ಇಷ್ಟು ಬಿಗಿಯಲ್ಲ. ಆದರೆ ಅಲ್ಲಿ ವರ್ಷಕ್ಕೆ ಒಂದೇ ಸಲ ದೇಶ ಬದಲಾವಣೆ. ಹಳೆಯ ದೇಶದ ಬಾಕಿ ಹೊಸ ದೇಶದಲ್ಲಿ ಚಲಾವಣೆಯಾಗುವುದಿಲ್ಲ, ಕೆಲವು ಪುಸ್ತಕ, ಸಿನಿಮಾ, ಆ್ಯಪ್‌ಗಳೂ ಕೈತಪ್ಪಬಹುದು.

ಇಷ್ಟೆಲ್ಲ ಯಾಕೆ ಎಂದರೆ ಅಂಗಡಿಯವರ ಉತ್ತರ ಪೂರ್ತಿ ಪೊಳ್ಳಲ್ಲ. ಸಿನಿಮಾ, ಹಾಡು, ಪುಸ್ತಕಗಳ ಹಕ್ಕನ್ನು ದೇಶ ದೇಶಕ್ಕೆ ಬೇರೆ ಬೇರೆಯಾಗಿ ಮಾರುತ್ತಾರೆ. ಭಾರತದ ಹಕ್ಕು ಒಬ್ಬರದು, ಕೆನಡಾದ್ದು ಇನ್ನೊಬ್ಬರದು. ಬೆಲೆಯೂ ಹಾಗೆ. ಅಮೆರಿಕದಲ್ಲಿ 10.99 ಡಾಲರ್ ಇರುವ ಹಾಡಿನ ಚಂದಾ ಇಲ್ಲಿ ನೂರು ಚಿಲ್ಲರೆ ರೂಪಾಯಿ. ಬೇಲಿ ಹಾಕದಿದ್ದರೆ ಎಲ್ಲರೂ ಕಲ್ಯಾಣದವರೇ ಆಗಿಬಿಡುತ್ತಾರೆ. ಒಪ್ಪುತ್ತೇನೆ. ಆದರೆ ಈ ವಾದ 640 ರೂಪಾಯಿಗೆ ಅನ್ವಯಿಸುವುದಿಲ್ಲ. ಅದು ಹಾಡಲ್ಲ, ಹಣ. ಮನೆ ಬಿಟ್ಟಾಗ ಮಾಲೀಕ ಡಿಪಾಸಿಟ್ಟನ್ನು ‘ಇದೇ ಕಟ್ಟಡದಲ್ಲಿ ಖರ್ಚು ಮಾಡಿ ಹೋಗಿ’ ಎಂದರೆ ಸೊಸೈಟಿಯೇ ಸೇರಿ ಗಲಾಟೆ ಮಾಡುತ್ತದೆ. ವಾರ್ಷಿಕ ಚಂದಾಕ್ಕೂ ಅನ್ವಯಿಸುವುದಿಲ್ಲ. ಉಳಿದ ಐದು ತಿಂಗಳ ಹಣ ಲೆಕ್ಕಹಾಕಿ ವಾಪಸು ಕೊಟ್ಟರೆ ಯಾರ ಹಕ್ಕಿಗೂ ಚ್ಯುತಿಯಿಲ್ಲ. ಒಬ್ಬನೇ ಡೆವಲಪರ್ ಎರಡೂ ದೇಶಗಳಲ್ಲಿ ಮಾರುತ್ತಿರುವ ಆ್ಯಪಿನ ವಿಷಯದಲ್ಲಂತೂ ಗಡಿಯ ಮಾತೇ ಬರಬಾರದು.

ಹಾಗಾಗಿ ನನ್ನ ಅಭಿಪ್ರಾಯ: ಹೋಗುವವರು ದೇಶ ಬದಲಾಯಿಸಬೇಡಿ. ಹಳೆಯ ಖಾತೆಯನ್ನು ಭಾರತದ್ದಾಗಿಯೇ ಬಿಟ್ಟು, ಹೊಸ ದೇಶದಲ್ಲಿ ಎರಡನೆಯ ಖಾತೆ ತೆರೆಯಿರಿ. ಐಫೋನಿನಲ್ಲಿ ಫೋಟೊ, ಬ್ಯಾಕಪ್‌ಗಳಿಗೆ ಒಂದು ಖಾತೆ, ಸ್ಟೋರಿಗೆ ಇನ್ನೊಂದು ಇರಬಹುದು. Settings ತೆರೆದು, ಮೇಲಿನ ನಿಮ್ಮ ಹೆಸರನ್ನು ಒತ್ತಿ, Media & Purchases ಎಂಬಲ್ಲಿ ಹಳೆಯದರಿಂದ ಹೊರಬಂದು ಹೊಸದರಿಂದ ಒಳಹೋಗಬೇಕು. ಹಳೆಯ ಖಾತೆಯಿಂದ ಇಳಿಸಿಕೊಂಡ ಆ್ಯಪ್‌ಗಳು ಫೋನಿನಲ್ಲೇ ಇರುತ್ತವೆ, ಅಪ್‌ಡೇಟ್ ಮಾಡುವಾಗ ಹಳೆಯ ಪಾಸ್‌ವರ್ಡ್ ಕೇಳಬಹುದು. ಎರಡರ ನಡುವೆ ದಿನಾ ಓಡಾಡಲು ಹೋಗಬೇಡಿ. ಹಳೆಯ ಖರೀದಿಗಳನ್ನು ಮತ್ತೆ ಇಳಿಸಿಕೊಂಡರೆ ಫೋನು ಆ ಖಾತೆಗೆ ಅಂಟಿಕೊಂಡು, 90 ದಿನ ಬೇರೆ ಖಾತೆಗೆ ಅದೇ ಕೆಲಸ ಮಾಡಿಕೊಡದೆ ಇರಬಹುದು.

ಹೀಗೆ ಮಾಡಿದರೂ ಒಂದು ಎಳೆ ಭಾರತದಲ್ಲೇ ಉಳಿಯುತ್ತದೆ. ಐಕ್ಲೌಡ್ ಜಾಗದ ಬಿಲ್ಲು ಭಾರತದ ಖಾತೆಗೇ ಬರುತ್ತದೆ, ಅದಕ್ಕೆ ಯುಪಿಐ ಬೇಕು. ವಿದೇಶಕ್ಕೆ ನೆಲೆ ಬದಲಿಸಿದವರ ಉಳಿತಾಯ ಖಾತೆ ಎನ್‌ಆರ್‌ಒ ಆಗಬೇಕು. ಆ ಖಾತೆಗೆ ವಿದೇಶಿ ಮೊಬೈಲ್ ನಂಬರ್ ಜೋಡಿಸಿ ಯುಪಿಐ ಬಳಸಲು 2023ರ ಜನವರಿಯಲ್ಲಿ ಹತ್ತು ದೇಶಗಳಿಗೆ ದಾರಿ ತೆರೆಯಿತು. ಕೆನಡಾ, ಅಮೆರಿಕ, ಯುಎಇ, ಕತಾರ್ ಆ ಪಟ್ಟಿಯಲ್ಲಿದ್ದವು, ಜರ್ಮನಿ ಇರಲಿಲ್ಲ. ಆದ್ದರಿಂದ ಹೊರಡುವ ಮೊದಲೇ ಖಾತೆಗೆ ಎರಡನೆಯ ನಂಬಿಕಸ್ಥ ನಂಬರಾಗಿ ಮನೆಯವರ ಫೋನನ್ನು ಸೇರಿಸಿಡಬೇಕು. ಭಾರತದ ಸಿಮ್ ಸತ್ತರೆ ಆ ನಂಬರಿಗೆ ಒಟಿಪಿ ಬರುವುದಿಲ್ಲ.

2025ರ ಫೆಬ್ರುವರಿಯಲ್ಲಿ ಆಪಲ್ ಒಂದು ಖಾತೆಯ ಖರೀದಿಗಳನ್ನು ಇನ್ನೊಂದಕ್ಕೆ ವರ್ಗಾಯಿಸುವ ಸೌಲಭ್ಯ ತಂದಿತು. ಎರಡೂ ಖಾತೆಗಳು ಒಂದೇ ದೇಶದ್ದಾಗಿರಬೇಕೆಂಬ ಷರತ್ತಿನಿಂದಾಗಿ ವಲಸೆ ಹೋದವರಿಗೆ ಅದು ಉಪಯೋಗಕ್ಕೆ ಬರುವುದು ಅಷ್ಟಕ್ಕಷ್ಟೇ. ಸಾಲದ್ದಕ್ಕೆ, ತಂದಾಗ ಐರೋಪ್ಯ ಒಕ್ಕೂಟ, ಬ್ರಿಟನ್, ಭಾರತ ಇವಿಷ್ಟನ್ನು ಹೊರಗಿಟ್ಟಿತ್ತು.

ದೇಶ ಬದಲಾಯಿಸಲೇಬೇಕು ಎನ್ನುವವರು ಕೊನೆಗೆ ನೋಡಬೇಕಾದದ್ದು ಕಲ್ಯಾಣದ ಮನೆಯನ್ನು. ಮಗಳು ಐಕ್ಲೌಡ್ ಚಂದಾ ರದ್ದು ಮಾಡಿ ಗುಂಪು ಬಿಟ್ಟರೆ ಅಪ್ಪ ಅಮ್ಮ ಇಬ್ಬರೂ ತಲಾ 5 ಜಿಬಿ ಉಚಿತ ಜಾಗಕ್ಕೆ ಮರಳುತ್ತಾರೆ. ಅದಕ್ಕಿಂತ ಹೆಚ್ಚು ತುಂಬಿದ್ದರೆ ಹೊಸ ಫೋಟೊ ಮೇಲೇರುವುದಿಲ್ಲ, ಬ್ಯಾಕಪ್ ನಿಲ್ಲುತ್ತದೆ. ಬ್ಯಾಕಪ್ ನಿಂತಿದೆ ಎಂಬ ಸೂಚನೆ ಬಂದರೂ ಅಮ್ಮ ಅದನ್ನು ಸರಿಸಿ ಪಕ್ಕಕ್ಕಿಡುತ್ತಾರೆ. ಆದ್ದರಿಂದ ಮೊದಲು ಅವರ ಹೆಸರಿನಲ್ಲೇ, ಅವರ ಯುಪಿಐನಿಂದಲೇ ಬೇರೆ ಜಾಗ ಕೊಂಡು, ಫೋಟೊಗಳ ಒಂದು ಪ್ರತಿಯನ್ನು ಮನೆಯ ಹಾರ್ಡ್ ಡಿಸ್ಕಿಗೆ ಇಳಿಸಿ, ಆಮೇಲೆ ರದ್ದು ಗುಂಡಿ ಒತ್ತಿ.