ಸೊನ್ನೆಯ ಹತ್ತಿರ, ಸೊನ್ನೆಯಲ್ಲಲ್ಲ

‘ಫಂಕ್ಷನ್ನೇ ಇಲ್ಲದ ಕಡೆ ಲಿಮಿಟ್ ಎಲ್ಲಿಂದ ಬಂತೋ?’ ಬಳ್ಳಾರಿಯಲ್ಲಿ ನನ್ನ ಜೊತೆ ಬಿಇ ಓದುವ ಕುರುಗೋಡಿನ ಗೆಳೆಯ ಕೇಳಿದ. ಉತ್ತರ ನಾನು ಊರಿಗೆ ಹೋಗುವ ಸಿರುಗುಪ್ಪದ ಬಸ್ಸಿನಲ್ಲೇ ಇತ್ತು.

ಸ್ಟ್ಯಾಂಡ್‌ನಿಂದ ಹೊರಟ ಬಸ್ ಮೊದಲ t ಸೆಕೆಂಡಿನಲ್ಲಿ t²/2 ಮೀಟರ್ ಸಾಗುತ್ತದೆ ಎನ್ನೋಣ. ಸರಿಯಾಗಿ 4ನೇ ಸೆಕೆಂಡಿನಲ್ಲಿ ವೇಗ ಎಷ್ಟು? ವೇಗವೆಂದರೆ ದೂರ ಭಾಗಿಸು ಕಾಲ. ಆದರೆ ಒಂದೇ ಕ್ಷಣದಲ್ಲಿ ಸಾಗಿದ ದೂರ 0, ಕಳೆದ ಕಾಲವೂ 0. 0/0ಗೆ ಬೆಲೆಯಿಲ್ಲ.

ಹಾಗಾಗಿ ಆ ಕ್ಷಣದಿಂದ h ಸೆಕೆಂಡ್ ಆಚೀಚೆ ಸರಿದು ಸರಾಸರಿ ವೇಗ ನೋಡೋಣ. h = 0.1 ಆದಾಗ 4.05, 0.01 ಆದಾಗ 4.005. ಹಿಂದಿನಿಂದ ಬಂದರೆ, h = -0.1 ಆದಾಗ 3.95. ಎರಡೂ ಕಡೆಯಿಂದ 4ಕ್ಕೇ ಬರುತ್ತಿದ್ದೇವೆ. ಲೆಕ್ಕ ಬಿಡಿಸಿದರೆ ಸರಾಸರಿ 4 + h/2. ಇಲ್ಲಿ h ಹೊಡೆದುಹಾಕಲು ಸಾಧ್ಯವಾದದ್ದು ಅದು ಸೊನ್ನೆಯಲ್ಲ ಎಂಬ ಕಾರಣಕ್ಕೆ. ಲಿಮಿಟ್ ಕೇಳುವುದು ಹತ್ತಿರದ ಬೆಲೆಗಳನ್ನು ಮಾತ್ರ. ಆ ಬಿಂದುವಿನಲ್ಲಿ ಏನಿದೆ, ಏನಿಲ್ಲ ಎಂಬುದು ಅದಕ್ಕೆ ಬೇಡ.

ಹಾಗೆಂದು ಎಲ್ಲ 0/0ಗೂ ಲಿಮಿಟ್ ಇರುವುದಿಲ್ಲ. |h|/h ನೋಡಿ: ಬಲದಿಂದ ಬಂದರೆ 1, ಎಡದಿಂದ ಬಂದರೆ -1. ಎರಡು ದಾರಿ ಸೇರುವುದೇ ಇಲ್ಲ.

ನಮಗೆ ತರಗತಿಯಲ್ಲಿ ಮೊದಲು ಕಲಿಸುವುದು ‘ಕ್ಯಾನ್ಸಲ್ ಮಾಡಿ, ಸೊನ್ನೆ ಹಾಕಿ’. ಅಂಕ ಬರುತ್ತದೆ, ಅರ್ಥ ಬರುವುದಿಲ್ಲ. ಮೊದಲ ದಿನ ಇಂಥ ನಾಲ್ಕು ಬೆಲೆಗಳನ್ನು ಎರಡೂ ಕಡೆಯಿಂದ ಬರೆಸಲಿ, ಸೂತ್ರ ಆಮೇಲೆ ಬರಲಿ.