ಮಾರ್ಚ್ 31ರ ಲೆಕ್ಕಕ್ಕೆ ಆಗಸ್ಟಿನ ಹೊಳೆ

ಸೆಪ್ಟೆಂಬರ್ ಬಂತೆಂದರೆ ಪುತ್ತೂರು, ಸುಳ್ಯ, ಕಡಬ ಕಡೆ ಸೊಸೈಟಿಗಳ ಮಹಾಸಭೆಯ ಕಾಲ. ಲೆಕ್ಕದ ವರ್ಷ ಮಾರ್ಚ್ 31ಕ್ಕೇ ಮುಗಿದಿರುತ್ತದೆ. ಮಳೆಗಾಲವಿಡೀ ಆಡಿಟ್ ನಡೆಯುತ್ತದೆ. ಸೆಪ್ಟೆಂಬರ್ 25ರ ಒಳಗೆ ಮಹಾಸಭೆ ಆಗಬೇಕು. ನಮ್ಮ ಕೈಗೆ ಬರುವ ವಾರ್ಷಿಕ ವರದಿ ಹೇಳುವುದು ಮಾರ್ಚ್ 31ರ ಸ್ಥಿತಿಯನ್ನು, ಅದರ ಕೆಳಗೆ ಆಡಿಟರ ಸಹಿ ಬೀಳುವುದು ಆಗಸ್ಟಿನಲ್ಲಿ. ನಡುವೆ ನಾಲ್ಕೈದು ತಿಂಗಳು. ನಮ್ಮ ಘಟ್ಟದ ಬುಡದಲ್ಲಿ ಆ ತಿಂಗಳುಗಳು ಸುಮ್ಮನೆ ಕಳೆಯುವಂಥವಲ್ಲ.

2022ನ್ನೇ ನೆನಪಿಸಿಕೊಳ್ಳಿ. ಆಗಸ್ಟ್ 1ರ ಸಂಜೆಯಿಂದ ಸುರಿದ ಮಳೆಗೆ ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಇಬ್ಬರು ಪುಟ್ಟ ಹುಡುಗಿಯರು ಹೋದರು. ಹರಿಹರ ಪಲ್ಲತ್ತಡ್ಕದ ಪೇಟೆಗೆ ಹೊಳೆ ನುಗ್ಗಿತು. ಕೊಲ್ಲಮೊಗ್ರು, ಕಲ್ಮಕಾರು ಕಡೆ ತೋಟ, ರಸ್ತೆ, ಕಾಲುಸಂಕ ಯಾವುದನ್ನೂ ನೀರು ಬಿಡಲಿಲ್ಲ. ಆ ವರ್ಷದ ಮಾರ್ಚ್ 31ರ ಲೆಕ್ಕಕ್ಕೆ ಬಹಳ ಕಡೆ ಸಹಿ ಬಿದ್ದದ್ದು ಆ ಮಳೆಯ ಮೊದಲೋ ನಂತರವೋ ಎಂಬುದನ್ನು ಯಾರಾದರೂ ನೋಡಿದ್ದಾರೆಯೇ?

ಲೆಕ್ಕ ಅರ್ಥವಾಗಲೆಂದು ಒಂದು ಸಂಘವನ್ನು ಕಲ್ಪಿಸಿಕೊಳ್ಳೋಣ. ಹೊಳೆಬದಿಯ ಊರು, ಸೊಸೈಟಿಗೆ ಸ್ವಂತ ಗೋದಾಮು. 2021-22ರ ಲಾಭ 42 ಲಕ್ಷ. ಆಗಸ್ಟ್ 1ರ ರಾತ್ರಿ ಗೋದಾಮಿಗೆ ನೀರು ನುಗ್ಗಿ 11 ಲಕ್ಷದ ಗೊಬ್ಬರ, ಮೈಲುತುತ್ತು ಹಾಳಾಯಿತು. ಆಡಿಟರ ಸಹಿ ಆಗಸ್ಟ್ 24ಕ್ಕೆ. ಮಹಾಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಲ್ಲುತ್ತಾರೆ.

"ಎಂತ ಮಾರಾಯ್ರೆ ಇದು? ಗೋದಾಮು ಮುಳುಗಿದ್ದು ಇಡೀ ಊರಿಗೆ ಗೊತ್ತುಂಟು. ನಿಮ್ಮ ಪುಸ್ತಕದಲ್ಲಿ ಮಾತ್ರ 42 ಲಕ್ಷ ಲಾಭ ಅಂತ ಉಂಟಲ್ಲ?"

ಸಭೆಯಲ್ಲಿ ಚಪ್ಪಾಳೆ. ಅಧ್ಯಕ್ಷರ ಮುಖ ಸಪ್ಪೆ. ಆದರೆ ಈ ವಿಷಯದಲ್ಲಿ ಪುಸ್ತಕ ಸರಿ, ಚಪ್ಪಾಳೆ ತಪ್ಪು.

ಲೆಕ್ಕದ ತಾರೀಖಿನ ಆಚೆ ನಡೆದದ್ದನ್ನು ನೋಡುವಾಗ ಆಡಿಟರು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ. ಈ ಘಟನೆಯ ಬೇರು ಮಾರ್ಚ್ 31ಕ್ಕೆ ಇತ್ತೇ, ಇಲ್ಲವೇ? ಇದ್ದರೆ, ನಂತರ ನಡೆದದ್ದು ಹಳೆಯ ಸಂಗತಿಗೆ ಸಿಕ್ಕಿದ ಸಾಕ್ಷಿ. ಅದನ್ನು ಹಿಡಿದು ಮಾರ್ಚಿನ ಅಂಕಿಯನ್ನೇ ತಿದ್ದಬೇಕು. ಇಲ್ಲದಿದ್ದರೆ ಅಂಕಿಗೆ ಕೈ ಹಚ್ಚುವ ಹಾಗಿಲ್ಲ. ವಿಷಯ ದೊಡ್ಡದಾದರೆ ಬಾಯಿಬಿಟ್ಟು ಹೇಳಬೇಕು, ಅಷ್ಟೆ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಲೆಕ್ಕದ ಮಾನದಂಡ ಎಎಸ್ 4 ಹೇಳುವುದು ಇದನ್ನೇ. ಆಡಿಟರು ಇದನ್ನು ಹೇಗೆ ಪರೀಕ್ಷಿಸಬೇಕೆಂದು ಹೇಳುವುದು ಎಸ್‌ಎ 560.

ಮಾರ್ಚ್ 31ರಂದು ಹೊಳೆ ಹೊಳೆಯ ಜಾಗದಲ್ಲೇ ಇತ್ತು, ಗೋದಾಮು ಒಣಗಿತ್ತು. ಇನ್ನೂ ಒಂದು ವಿಷಯವಿದೆ. ಆಗಸ್ಟಿನಲ್ಲಿ ಹಾಳಾದ ಮೈಲುತುತ್ತು ಮಾರ್ಚಿನ ದಾಸ್ತಾನೇ ಅಲ್ಲ. ಅದು ಕೊಳೆರೋಗದ ಮದ್ದು ಬಿಡುವ ಕಾಲಕ್ಕೆಂದು ಮೇ ತಿಂಗಳಲ್ಲಿ ತರಿಸಿದ್ದು. ಮಾರ್ಚಿನ ದಾಸ್ತಾನು ಆಗಲೇ ಖರ್ಚಾಗಿ ದುಡ್ಡೂ ಬಂದಾಗಿತ್ತು. ಹಾಗಾಗಿ 11 ಲಕ್ಷದ ನಷ್ಟ 2022-23ರ ಲೆಕ್ಕಕ್ಕೆ ಸೇರತಕ್ಕದ್ದು. ವಿಮೆಯಿಂದ ಬರಬಹುದಾದ ಹಣವೂ ಅಷ್ಟೇ, ಹಿಂದಿನ ವರ್ಷದೊಳಗೆ ಅದಕ್ಕೆ ಜಾಗವಿಲ್ಲ.

ಹಾಗೆಂದು ಆಡಳಿತ ಮಂಡಳಿ ಸುಮ್ಮನಿರಬಹುದೇ? ಇಲ್ಲ. ಲಾಭದ ಕಾಲು ಭಾಗಕ್ಕಿಂತ ಹೆಚ್ಚು ಒಂದೇ ರಾತ್ರಿ ಹೋಗಿದೆ. ಎಎಸ್ 4ರ ಪ್ರಕಾರ ಇಂಥದ್ದನ್ನು ಹೇಳಬೇಕಾದ ಜಾಗ ಲೆಕ್ಕಕ್ಕೆ ಒಪ್ಪಿಗೆ ಕೊಟ್ಟವರ ವರದಿ, ಅಂದರೆ ಆಡಳಿತ ಮಂಡಳಿಯ ವರದಿ. ಆಸ್ತಿ-ಜವಾಬ್ದಾರಿ ತಖ್ತೆಯಲ್ಲಿ ಹುಡುಕಿದರೆ ಸಿಗದು. ಏನಾಯಿತು, ಅಂದಾಜು ನಷ್ಟ ಎಷ್ಟು, ಅಂದಾಜು ಮಾಡಲು ಆಗದಿದ್ದರೆ ಆಗಿಲ್ಲ ಎಂಬ ಮಾತು, ಇಷ್ಟು ಬೇಕು. (ದೊಡ್ಡ ಕಂಪನಿಗಳು ಪಾಲಿಸುವ ಇಂಡ್ ಎಎಸ್ 10ರಲ್ಲಿ ಇದೇ ಮಾತು ಲೆಕ್ಕದ ಟಿಪ್ಪಣಿಗಳಲ್ಲಿ ಬರಬೇಕು.) ನಮ್ಮ ಕಲ್ಪನೆಯ ಸಂಘದ ವರದಿಯಲ್ಲಿ ಅಧ್ಯಕ್ಷರ ಫೋಟೊ ಇದೆ, ಸನ್ಮಾನದ ಪಟ್ಟಿ ಇದೆ, ಹೊಳೆಯ ಸುದ್ದಿ ಇಲ್ಲ. ಹಿರಿಯರು ಹಿಡಿಯಬೇಕಾಗಿದ್ದದ್ದು ಇದನ್ನು.

ಈಗ ಅದೇ ಪುಸ್ತಕದ ಇನ್ನೊಂದು ಪುಟ. "ಅಡಿಕೆ ಮಾರಾಟದ ಬಾಬ್ತು ಬರಬೇಕಾದ್ದು" ಎಂಬಲ್ಲಿ ಒಬ್ಬ ವ್ಯಾಪಾರಿಯ ಹೆಸರಿನಲ್ಲಿ 18 ಲಕ್ಷ. ಜನವರಿವರೆಗೆ ಆತ ವಾರ ವಾರ ದುಡ್ಡು ಕಟ್ಟಿದ್ದಾನೆ. ಫೆಬ್ರವರಿಯಲ್ಲಿ ತಡ, ಮಾರ್ಚಿನಲ್ಲಿ ಬರೀ ಮಾತು. ಮಾರ್ಚ್ 28ರ ತಾರೀಖು ಹಾಕಿ ಕೊಟ್ಟ ಚೆಕ್ಕು ಏಪ್ರಿಲಿನಲ್ಲಿ ವಾಪಸಾಯಿತು. ಮೇಯಲ್ಲಿ ಅಂಗಡಿಗೆ ಬೀಗ. ಜೂನಿನಲ್ಲಿ ಯಾರ್ಯಾರನ್ನೋ ಹಿಡಿದು 3 ಲಕ್ಷ ವಸೂಲಾಯಿತು, ಆಮೇಲೆ ಬಿಡಿಗಾಸಿಲ್ಲ.

ಚೆಕ್ಕು ವಾಪಸಾದದ್ದು, ಬೀಗ ಬಿದ್ದದ್ದು ಎರಡೂ ಮಾರ್ಚ್ 31ರ ನಂತರವೇ. ಆದರೆ ಆತ ಮುಳುಗಿದ್ದು ಮೇಯಲ್ಲಲ್ಲ. ಮಾರ್ಚಿನಲ್ಲೇ ಮುಳುಗಿದ್ದ, ಮೇಯಲ್ಲಿ ಊರಿಗೆ ಗೊತ್ತಾಯಿತು. ಆದ್ದರಿಂದ ಉಳಿದ 15 ಲಕ್ಷಕ್ಕೆ ಮಾರ್ಚ್ 31ರ ಲೆಕ್ಕದಲ್ಲೇ ವಸೂಲಾಗದ ಬಾಕಿಯೆಂದು ಅವಕಾಶ ಕಲ್ಪಿಸಬೇಕು. ಆಗ ಲಾಭ 42ರಿಂದ 27 ಲಕ್ಷಕ್ಕೆ ಇಳಿಯುತ್ತದೆ.

ಇದರ ಪಕ್ಕದಲ್ಲೇ ಇನ್ನೊಬ್ಬ ವ್ಯಾಪಾರಿ, ಬಾಕಿ 4 ಲಕ್ಷ. ಜುಲೈ ತನಕ ಒಂದು ದಿನವೂ ತಪ್ಪದೆ ಕಟ್ಟಿದ ಗಿರಾಕಿ. ಆಗಸ್ಟ್ 1ರ ನೀರು ಅವನ ಅಂಗಡಿಯನ್ನೇ ತೊಳೆದುಕೊಂಡು ಹೋಯಿತು. ಈಗ ಅವನಿಂದಲೂ ದುಡ್ಡು ಬರುವಂತಿಲ್ಲ. ಇಬ್ಬರೂ ಕೊಡದವರೇ. ಆದರೂ ಈ 4 ಲಕ್ಷಕ್ಕೆ ಮಾರ್ಚಿನ ಲೆಕ್ಕದಲ್ಲಿ ಏನನ್ನೂ ಕಳೆಯುವ ಹಾಗಿಲ್ಲ, ಏಕೆಂದರೆ ಮಾರ್ಚ್ 31ಕ್ಕೆ ಅವನು ಗಟ್ಟಿಯಾಗಿದ್ದ. ತೋಟ ಕೊಚ್ಚಿಹೋದ ಸದಸ್ಯರ ಬೆಳೆಸಾಲಕ್ಕೂ ಇದೇ ನ್ಯಾಯ. ಎರಡು ವರ್ಷದಿಂದ ಸುಸ್ತಿಯಾಗಿದ್ದವನ ತೋಟ ಕೊಚ್ಚಿಹೋದರೆ ಮಾತು ಬೇರೆ. ಅವನ ಬಾಕಿಗೆ ಹೊಳೆ ಬಾರದೆಯೂ ಅವಕಾಶ ಬೇಕಾಗಿತ್ತು. ಮಂಡಳಿಗಳು ಜಾರಿಕೊಳ್ಳುವುದು ಇಲ್ಲಿಯೇ. ಹಳೆಯ ಕೆಟ್ಟ ಸಾಲವನ್ನೆಲ್ಲ ಹೊಳೆಯ ಖಾತೆಗೆ ಬರೆದು ಮುಂದಿನ ವರ್ಷಕ್ಕೆ ತಳ್ಳಿಬಿಡುತ್ತಾರೆ.

ಇದನ್ನು ಆಡಿಟರು ಹಿಡಿಯುವುದು ಹೇಗೆ? ಮಾರ್ಚ್ 31ರ ಕಡತ ನೋಡುತ್ತ ಕೂತರೆ ಸಿಗುವುದಿಲ್ಲ. ಏಪ್ರಿಲ್‌ನಿಂದ ಸಹಿ ಹಾಕುವ ದಿನದವರೆಗಿನ ಮಂಡಳಿ ಸಭೆಗಳ ನಡಾವಳಿ ಪುಸ್ತಕ ಓದಬೇಕು. ಬರೆಸದೆ ಉಳಿದ ಸಭೆ ಇದ್ದರೆ ಅಲ್ಲಿ ಏನು ಮಾತಾಯಿತೆಂದು ಕೇಳಬೇಕು. ಮಾರ್ಚಿನ ಬಾಕಿದಾರರು ಒಬ್ಬೊಬ್ಬರೂ ನಂತರ ಎಷ್ಟು ಕಟ್ಟಿದರೆಂದು ನಗದು ಪುಸ್ತಕದಲ್ಲೂ ಬ್ಯಾಂಕಿನ ಲೆಕ್ಕದಲ್ಲೂ ತಾಳೆ ನೋಡಬೇಕು. ನಮ್ಮ ವ್ಯಾಪಾರಿ ಬಯಲಾಗುವುದು ಈ ಒಂದು ಕೆಲಸದಿಂದಲೇ: ಏಪ್ರಿಲಿನಲ್ಲಿ ಒಳಬಂದ ಚೆಕ್ಕು, ಮೂರೇ ದಿನದಲ್ಲಿ ಹೊರಹೋದ ಅದೇ ಮೊತ್ತ. ಮಾರ್ಚಿನಲ್ಲಿ ದಾಸ್ತಾನಿದ್ದ ಅಡಿಕೆ ನಂತರ ಎಷ್ಟಕ್ಕೆ ಮಾರಾಟವಾಯಿತೆಂಬ ಬಿಲ್ಲುಗಳೂ ಬೇಕು. ಕೊಂಡ ಬೆಲೆಗಿಂತ ಕಡಿಮೆಗೆ ಹೋಗಿದ್ದರೆ ದಾಸ್ತಾನಿನ ಬೆಲೆಯನ್ನು ಮತ್ತೆ ಪ್ರಶ್ನಿಸಬೇಕಾಗುತ್ತದೆ. ಕೊನೆಗೆ, ತಿಳಿಸಬೇಕಾದ್ದನ್ನೆಲ್ಲ ತಿಳಿಸಿದ್ದೇವೆ ಎಂದು ಮಂಡಳಿಯಿಂದ ಪತ್ರ ಬರೆಸಿಕೊಳ್ಳಬೇಕು. ಆ ಪತ್ರದ ತಾರೀಖು ವರದಿಯ ತಾರೀಖಿಗೆ ಸಾಧ್ಯವಾದಷ್ಟು ಹತ್ತಿರ ಇರಬೇಕು, ಅದನ್ನು ದಾಟಿರಬಾರದು. ಜೂನ್ 30ರ ಪತ್ರ ಇಟ್ಟುಕೊಂಡು ಆಗಸ್ಟ್ 24ಕ್ಕೆ ಸಹಿ ಹಾಕಿದರೆ ನಡುವಿನ ಎಂಟು ವಾರಕ್ಕೆ ಯಾರು ಹೊಣೆ?

ಅದೇ ಆಡಿಟರು ಜುಲೈ 28ಕ್ಕೇ ಸಹಿ ಹಾಕಿ ಹೋಗಿದ್ದರೆ? ಆಮೇಲೆ ಏನಾಯಿತೆಂದು ಹುಡುಕಿಕೊಂಡು ಬರುವ ಹೊಣೆ ಅವರಿಗಿಲ್ಲ. ಆದರೆ ವರದಿ ಸದಸ್ಯರ ಕೈಸೇರುವ ಮೊದಲು ದೊಡ್ಡ ವಿಷಯವೊಂದು ಕಿವಿಗೆ ಬಿದ್ದರೆ ಕೇಳದವರ ಹಾಗೆ ಇರುವಂತಿಲ್ಲ. ಮೊದಲೇ ಗೊತ್ತಿದ್ದರೆ ವರದಿ ಬದಲಾಗುತ್ತಿತ್ತೇ ಎಂದು ಯೋಚಿಸಬೇಕು, ಮಂಡಳಿಯೊಂದಿಗೆ ಮಾತಾಡಬೇಕು. ಲೆಕ್ಕ ತಿದ್ದಿದರೆ, ಹೊಸ ವರದಿಯ ತಾರೀಖಿನವರೆಗೂ ಪರೀಕ್ಷೆ ಮುಂದುವರಿಸಿ ಆ ತಾರೀಖಿನ ವರದಿ ಕೊಡಬೇಕು. ಹೊಳೆಯಂಥ ಏಟಿಗೆ ಸಂಘವೇ ಏಳಲಾರದೆ ಬಾಗಿಲು ಹಾಕುವ ಸ್ಥಿತಿ ಬಂದರೆ ಮಾತ್ರ ಮೇಲಿನ ಭೇದವೆಲ್ಲ ಬಿದ್ದುಹೋಗುತ್ತದೆ. ಆಗ ಮಾರ್ಚಿನ ಲೆಕ್ಕವನ್ನೇ ಬೇರೆ ತಳಹದಿಯ ಮೇಲೆ ಬರೆಯಬೇಕು.

ನಂತರದ ಘಟನೆ ಎಂದರೆ ಕೆಟ್ಟದ್ದೇ ಆಗಬೇಕಿಲ್ಲ. 2017ರ ಜೂನ್ 21ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಹಕಾರ ಸಂಸ್ಥೆಗಳ ಅಲ್ಪಾವಧಿ ಬೆಳೆಸಾಲದಲ್ಲಿ 50 ಸಾವಿರ ರೂಪಾಯಿವರೆಗೆ ಮನ್ನಾ ಘೋಷಿಸಿದರು. ಲೆಕ್ಕಕ್ಕೆ ಹಿಡಿದದ್ದು ಜೂನ್ 20ರ ಬಾಕಿಯನ್ನು. ಮಾರ್ಚ್ 31, 2017ರ ಲೆಕ್ಕದ ಆಡಿಟ್ ನಡೆಯುವ ಹೊತ್ತದು. ಹಳೆ ಸುಸ್ತಿದಾರನ ಸಾಲಕ್ಕೆ ಮಾಡಿಟ್ಟ ಅವಕಾಶವನ್ನು, ಸರಕಾರ ಹೇಗೂ ಕೊಡುತ್ತದಲ್ಲ ಎಂದು ಮಾರ್ಚಿನ ಲೆಕ್ಕದಲ್ಲೇ ತೆಗೆದು ಲಾಭಕ್ಕೆ ಸೇರಿಸುವ ಆಸೆ ಯಾರಿಗೂ ಹುಟ್ಟಬಹುದಾದ್ದೇ. ಆದರೆ ಮಾರ್ಚ್ 31ಕ್ಕೆ ಮನ್ನಾ ಇರಲಿಲ್ಲ. ಸುಸ್ತಿದಾರ ಆ ದಿನ ಸುಸ್ತಿದಾರನೇ. ಘೋಷಣೆಯನ್ನು ವರದಿಯಲ್ಲಿ ಹೇಳಬಹುದು, ಲಾಭಕ್ಕೆ ಕೂಡುವಂತಿಲ್ಲ.

ಮತ್ತೆ ನಮ್ಮ ಸಭೆಗೆ ಬರೋಣ. ಹೊಳೆಯ ಪ್ರಶ್ನೆಗೆ ಅಧ್ಯಕ್ಷರು ಕೊಟ್ಟ ಉತ್ತರ, "ಅದು ಬರುವ ವರ್ಷದ ಲೆಕ್ಕಕ್ಕೆ ಬರ್ತದೆ." ಅವರು ಅಷ್ಟು ಸರಿಯಾಗಿ ಹೇಳಿದರೂ ಯಾರೂ ನಂಬಲಿಲ್ಲ. ಮುಂದಿನ ವಿಷಯ ಡಿವಿಡೆಂಡು. 42 ಲಕ್ಷದ ಲಾಭ ಇಟ್ಟುಕೊಂಡು ಲೆಕ್ಕ ಹಾಕಿದ ಶೇಕಡಾ ಎಷ್ಟೋ ಓದಿದರು, ಎಲ್ಲರೂ ಕೈ ಎತ್ತಿದರು. ಹಿರಿಯರೂ ಎತ್ತಿದರು. ಮೇಯಲ್ಲಿ ಬೀಗ ಬಿದ್ದ ಅಂಗಡಿ ಸೊಸೈಟಿಯ ಎದುರು ಬದಿಯಲ್ಲೇ ಇದೆ. ಸಭೆ ಮುಗಿಸಿ ಊಟಕ್ಕೆ ಹೋಗುವಾಗ ಎಲ್ಲರೂ ಅದರ ಮುಂದಿನಿಂದಲೇ ನಡೆದು ಹೋದರು.