ಜೂನ್ 30ರ ಇಂಕ್ರಿಮೆಂಟು: ಸರ್ಕಾರ ಇನ್ನೂ ಬಾಕಿದಾರ

ಹನ್ನೆರಡು ತಿಂಗಳು ಪೂರ್ತಿ ದುಡಿಸಿಕೊಂಡು, ಇಂಕ್ರಿಮೆಂಟ್ ಕೊಡುವ ದಿನ ನೀನು ನೌಕರಿಯಲ್ಲಿರಲಿಲ್ಲ ಎಂದು ನಿವೃತ್ತರನ್ನು ಬರಿಗೈಲಿ ಕಳಿಸಿದ್ದು ಕೇಂದ್ರ ಸರ್ಕಾರದ ತಪ್ಪು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅದನ್ನು ಅರ್ಧ ಮಾತ್ರ ತಿದ್ದಿಕೊಂಡಿರುವುದು ಎರಡನೆಯ ತಪ್ಪು.

2006ಕ್ಕೆ ಮೊದಲು ಒಬ್ಬೊಬ್ಬರ ಇಂಕ್ರಿಮೆಂಟ್ ಒಂದೊಂದು ತಿಂಗಳಲ್ಲಿ ಬೀಳುತ್ತಿತ್ತು. 6ನೇ ವೇತನ ಆಯೋಗ ಪೇ ಬ್ಯಾಂಡ್ ಮತ್ತು ಗ್ರೇಡ್ ಪೇ ವ್ಯವಸ್ಥೆ ತಂದಾಗ, ಲೆಕ್ಕ ಸುಲಭವಾಗಲೆಂದು ಎಲ್ಲರಿಗೂ ಜುಲೈ 1 ಒಂದೇ ದಿನವಾಯಿತು. ಬ್ಯಾಂಡ್ ವೇತನ ಮತ್ತು ಗ್ರೇಡ್ ಪೇ ಕೂಡಿಸಿ, ಅದರ ಶೇ 3ರಷ್ಟು ಹೆಚ್ಚಳ. ಇದರಿಂದ ಜೂನ್ 2ರಿಂದ ಜುಲೈ 1ರವರೆಗಿನ ಜನ್ಮದಿನಾಂಕದವರೆಲ್ಲ ಜೂನ್ 30ರಂದು ನಿವೃತ್ತರಾಗಿ, ಒಂದೇ ಒಂದು ದಿನದಲ್ಲಿ ಹೆಚ್ಚಳ ಕಳೆದುಕೊಂಡರು. (ಶಾಲೆಗೆ ಸೇರಿಸುವಾಗ ಮೇಷ್ಟರು ಜೂನ್ 1 ಎಂದು ಬರೆದುಕೊಂಡ ಲೆಕ್ಕವಿಲ್ಲದಷ್ಟು ಮಂದಿ ಈ ಗುಂಪಿಗೆ ಸೇರುವುದಿಲ್ಲ. ಅವರ ನಿವೃತ್ತಿ ಮೇ 31ಕ್ಕೆ. ಹನ್ನೊಂದೇ ತಿಂಗಳಾದ್ದರಿಂದ ಅವರಿಗೆ ಈ ಹಕ್ಕೂ ಇಲ್ಲ.) ಅದೇ ನಿಯಮದಡಿ ಜನವರಿ 1ಕ್ಕೆ ಕೆಲಸಕ್ಕೆ ಸೇರಿದ ಹೊಸಬರಿಗೆ ಆರು ತಿಂಗಳಿಗೇ ಪೂರ್ತಿ ಇಂಕ್ರಿಮೆಂಟ್ ಸಿಗುತ್ತಿತ್ತು ಎಂಬುದನ್ನು ನೆನೆದರೆ ಅನ್ಯಾಯ ಎಷ್ಟೆಂದು ತಿಳಿಯುತ್ತದೆ.

ಈ ಅನ್ಯಾಯಕ್ಕೆ ತೆರೆ ಎಳೆದದ್ದು ಕರ್ನಾಟಕದ ಪ್ರಕರಣ. ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ ನಿವೃತ್ತ ನೌಕರರ ಪರ ಹೈಕೋರ್ಟಿನ ವಿಭಾಗೀಯ ಪೀಠ ತೀರ್ಪು ಕೊಟ್ಟಿತು. ನಿಗಮ ಮೇಲ್ಮನವಿ ಹೋಯಿತು. ಇಂಕ್ರಿಮೆಂಟ್ ಎಂಬುದು ಮುಂದೆ ಚೆನ್ನಾಗಿ ದುಡಿಯಲೆಂದು ಕೊಡುವ ಪ್ರೋತ್ಸಾಹ, ನಿವೃತ್ತರಿಗೆ ಅದೇಕೆ ಎಂಬುದು ಅದರ ವಾದ. 2023ರ ಏಪ್ರಿಲ್ 11ರಂದು ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿತು: ಅದು ಕಳೆದ ವರ್ಷದ ಸೇವೆ ಮತ್ತು ಸನ್ನಡತೆಯಿಂದ ಗಳಿಸಿದ್ದು, ಕೈಗೆ ಬರುವುದು ಮರುದಿನ, ಅಷ್ಟೇ. ಇದೇ ಪ್ರಶ್ನೆಯಲ್ಲಿ ಮದ್ರಾಸ್ ಹೈಕೋರ್ಟ್ 2017ರಲ್ಲೇ ನಿವೃತ್ತರೊಬ್ಬರ ಪರ ನಿಂತಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಕೇಂದ್ರದ ಅರ್ಜಿಯನ್ನು ವಜಾ ಮಾಡಿತ್ತು. ಆದರೆ ಅದು ಆ ಒಬ್ಬರಿಗಷ್ಟೇ ಅನ್ವಯ ಎಂದು ಕೇಂದ್ರ ಕೈತೊಳೆದುಕೊಂಡಿತು. ಉಳಿದವರೆಲ್ಲ ಇಳಿವಯಸ್ಸಿನಲ್ಲಿ ವಕೀಲರನ್ನು ಹುಡುಕಬೇಕಾಯಿತು.

ಈಗ ಸಿಕ್ಕಿರುವುದೆಷ್ಟು ಎಂದು ಒಂದು ಲೆಕ್ಕ ಹಾಕಿ ನೋಡೋಣ. 33 ವರ್ಷ ದುಡಿದು 2014ರ ಜೂನ್ 30ಕ್ಕೆ ನಿವೃತ್ತರಾದವರೊಬ್ಬರ ಬ್ಯಾಂಡ್ ವೇತನ 16,000, ಗ್ರೇಡ್ ಪೇ 4,200 ಎಂದಿಟ್ಟುಕೊಳ್ಳಿ. ಒಟ್ಟು 20,200ಕ್ಕೆ ಶೇ 3 ಎಂದರೆ 606. ನಿಯಮದಂತೆ ಮುಂದಿನ ಹತ್ತಕ್ಕೆ ಏರಿಸಿದರೆ 610 ರೂಪಾಯಿ. ಪಿಂಚಣಿ ಅದರ ಅರ್ಧ, ಹಾಗಾಗಿ ತಿಂಗಳಿಗೆ 305 ರೂಪಾಯಿ ಖೋತಾ. 2016ರಲ್ಲಿ ಪಿಂಚಣಿಯನ್ನು 2.57ರಿಂದ ಗುಣಿಸಿದಾಗ ಆ ಖೋತಾ 784ಕ್ಕೆ ಏರಿತು. 2023ರ ಏಪ್ರಿಲ್‌ವರೆಗೆ ಕೂಡಿದರೆ, ತುಟ್ಟಿಭತ್ಯೆ ಬಿಟ್ಟೇ 74,482 ರೂಪಾಯಿ. ಸುಪ್ರೀಂ ಕೋರ್ಟಿನ 2025ರ ಫೆಬ್ರುವರಿಯ ಆದೇಶದ ಪ್ರಕಾರ, ಕೋರ್ಟಿಗೆ ಹೋಗದೆ ಸುಮ್ಮನಿದ್ದವರಿಗೆ ಹೆಚ್ಚಿದ ಪಿಂಚಣಿ 2023ರ ಮೇ 1ರಿಂದ ಮಾತ್ರ. ಈ 74 ಸಾವಿರ ಹೋದಂತೆಯೇ. ಬೇಗ ಕೋರ್ಟಿಗೆ ಅರ್ಜಿ ಹಾಕಿದವರಿಗೆ ಅರ್ಜಿ ಹಾಕಿದ ತಿಂಗಳಿಗಿಂತ ಹಿಂದಿನ ಮೂರು ವರ್ಷದ ಬಾಕಿಯೂ ಉಂಟು; ಸರ್ಕಾರವನ್ನು ನಂಬಿ ಕುಳಿತವರಿಗೆ ಇಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಸಿಬ್ಬಂದಿ ಮತ್ತು ತರಬೇತಿ ಇಲಾಖೆಯ 2025ರ ಮೇ 20ರ ಜ್ಞಾಪನದ ಪ್ರಕಾರ ಈ ಇಂಕ್ರಿಮೆಂಟ್ 'ಕಾಲ್ಪನಿಕ'. ಪಿಂಚಣಿ ಲೆಕ್ಕಕ್ಕೆ ಮಾತ್ರ ಉಂಟು, ನಿವೃತ್ತಿಯ ಬೇರೆ ಸೌಲಭ್ಯಗಳಿಗಿಲ್ಲ. ಮೇಲಿನ ನಿವೃತ್ತರ ಗ್ರಾಚ್ಯುಟಿಯನ್ನೇ ನೋಡಿ. ಅಂದಿನ ತುಟ್ಟಿಭತ್ಯೆ ಶೇ 100 ಇದ್ದುದರಿಂದ 610 ರೂಪಾಯಿ 1,220 ಆಗುತ್ತದೆ. ಹದಿನಾರೂವರೆ ತಿಂಗಳ ಲೆಕ್ಕಕ್ಕೆ 20,130 ರೂಪಾಯಿ. ಅದು ಅವರಿಗೆ ಎಂದಿಗೂ ಸಿಗದು. ಇದು ಕೋರ್ಟಿನ ಆದೇಶದಲ್ಲೇ ಇರುವ ಮಿತಿ ಎಂದು ಇಲಾಖೆ ಹೇಳುತ್ತದೆ, ಅದು ನಿಜವೂ ಹೌದು. ಆದರೆ ಕೋರ್ಟು ಹಾಕಿದ ಗೆರೆ ಸರ್ಕಾರ ಕೊಡಲೇಬೇಕಾದ ಕನಿಷ್ಠ. ಅದಕ್ಕಿಂತ ಹೆಚ್ಚು ಕೊಡಬೇಡಿ ಎಂದು ಯಾರೂ ತಡೆದಿಲ್ಲ. ಒಂದೇ ವರ್ಷದ ದುಡಿಮೆ ಪಿಂಚಣಿಗೆ ನಿಜ, ಗ್ರಾಚ್ಯುಟಿಗೆ ಸುಳ್ಳು ಎಂಬ ಲೆಕ್ಕಕ್ಕೆ ಬೊಕ್ಕಸದ ಉಳಿತಾಯವಲ್ಲದೆ ಬೇರೆ ಸಮರ್ಥನೆಯಿಲ್ಲ.

2016ರಿಂದ ಗ್ರೇಡ್ ಪೇ ಹೋಗಿ ಪೇ ಮ್ಯಾಟ್ರಿಕ್ಸ್ ಬಂದಿದೆ, ಜುಲೈ 1ರ ಜೊತೆಗೆ ಜನವರಿ 1 ಕೂಡ ಇಂಕ್ರಿಮೆಂಟ್ ದಿನವಾಗಿದೆ. ಹಾಗಾಗಿ ಡಿಸೆಂಬರ್ 31ರಂದು ನಿವೃತ್ತರಾಗುವವರೂ ಇದೇ ಬಲೆಗೆ ಬಿದ್ದಿದ್ದಾರೆ. ಜ್ಞಾಪನಗಳ ತೇಪೆ ಸಾಕು. ವರ್ಷ ಮುಗಿದ ದಿನವೇ ಇಂಕ್ರಿಮೆಂಟ್ ಸಂದಾಯವಾಗುವಂತೆ, ಅದು ಗ್ರಾಚ್ಯುಟಿಗೂ ಲೆಕ್ಕಕ್ಕೆ ಬರುವಂತೆ ವೇತನ ನಿಯಮವನ್ನೇ ತಿದ್ದಬೇಕು. 2006ರಿಂದ ನಿವೃತ್ತರಾದವರ ಬಾಕಿಯನ್ನು, ಅರ್ಜಿ ಹಾಕಿದವರು ಹಾಕದವರು ಎಂದು ನೋಡದೆ, ಇಲಾಖೆಗಳೇ ಸೇವಾ ಪುಸ್ತಕ ತೆಗೆದು ಲೆಕ್ಕಹಾಕಿ ಕೊಡಬೇಕು. 8ನೇ ವೇತನ ಆಯೋಗದ ವರದಿ ಬರಲಿ ಎಂದು ಇದನ್ನು ಮುಂದೂಡುವ ಹಕ್ಕು ಕೇಂದ್ರಕ್ಕಿಲ್ಲ.